ಸವಕಳಿಯನ್ನು ಲೆಕ್ಕದಿಂದ ಬಿಟ್ಟರೆ

ಮಾನ್ಯ ಸಂಪಾದಕರೇ,
ನಿಮ್ಮ ತ್ರೈಮಾಸಿಕ ಫಲಿತಾಂಶದ ಪುಟದಲ್ಲಿ ನಿವ್ವಳ ಲಾಭ, ನಿವ್ವಳ ನಷ್ಟ ಬಿಟ್ಟರೆ ಬೇರೇನೂ ಇರುವುದಿಲ್ಲ. ಟಿವಿಯಲ್ಲಿ, ಬ್ರೋಕರ್ ವರದಿಗಳಲ್ಲಿ ಎಲ್ಲರೂ ಎಬಿಟ್ಡಾ ಎನ್ನುತ್ತಾರೆ. ನಾನು ದುಡ್ಡು ಹಾಕಿರುವ ಕಂಪನಿಗೆ ನಷ್ಟವಾಗಿದೆ ಎಂದು ನೀವು ಬರೆದಿರಿ. ಅದರ ಎಬಿಟ್ಡಾ ಚೆನ್ನಾಗಿ ಏರಿದೆ ಎಂದು ನನ್ನ ಮಗ ತೋರಿಸುತ್ತಾನೆ. ಯಾರು ಸರಿ? ನೀವು ಎಬಿಟ್ಡಾ ಹಾಕದಿರಲು ಕಾರಣವೇನು?
– ಓದುಗರು, ದಾವಣಗೆರೆ

ಇಬ್ಬರೂ ಸರಿ. ಮಗ ತೋರಿಸಿದ ಅಂಕಿ ಸುಳ್ಳಲ್ಲ, ನಾವು ಅಚ್ಚು ಹಾಕಿದ ನಷ್ಟವೂ ಸುಳ್ಳಲ್ಲ. ಆ ಎರಡರ ನಡುವೆ ಕಂಪನಿಯ ಯಾವ ಖರ್ಚುಗಳು ಕೂತಿವೆ ಎಂದು ನೀವು ಕೇಳಿಬಿಟ್ಟಿದ್ದರೆ ನನಗೆ ಇಷ್ಟುದ್ದ ಬರೆಯುವ ಅವಕಾಶ ತಪ್ಪುತ್ತಿತ್ತು. ಕೇಳದೆ ಉಪಕಾರ ಮಾಡಿದ್ದೀರಿ.

ಬಡ್ಡಿ, ಆದಾಯ ತೆರಿಗೆ, ಸವಕಳಿ, ಅಮೂರ್ತ ಆಸ್ತಿಗಳ ಸವಕಳಿ, ಈ ನಾಲ್ಕನ್ನೂ ಕಳೆಯುವ ಮೊದಲಿನ ಗಳಿಕೆಯೇ ಎಬಿಟ್ಡಾ. ಇಲ್ಲಿ ತೆರಿಗೆ ಎಂದರೆ ಆದಾಯ ತೆರಿಗೆ ಮಾತ್ರ. ವಾಹನದ ರಸ್ತೆ ತೆರಿಗೆಯೋ ಕಟ್ಟಡದ ಕಂದಾಯವೋ ಇದರಲ್ಲಿ ಸೇರುವುದಿಲ್ಲ, ಅವು ಮಾಮೂಲಿ ಖರ್ಚು. ಪತ್ರಗಳಲ್ಲಿ ಈ ಗೊಂದಲ ಮತ್ತೆ ಮತ್ತೆ ಕಾಣುವುದರಿಂದ ಮೊದಲೇ ಹೇಳಿದೆ.

ನಿಮ್ಮೂರಿನಿಂದ ಶಿವಮೊಗ್ಗಕ್ಕೆ ಓಡುವ ಒಂದು ಖಾಸಗಿ ಬಸ್ಸನ್ನು ಇಟ್ಟುಕೊಂಡು ನೋಡೋಣ. ಅಂಕಿಗಳು ಲೆಕ್ಕಕ್ಕೆಂದು ನಾನು ಹಿಡಿದವು. ಬಸ್ಸಿನ ಬೆಲೆ 40 ಲಕ್ಷ. ಎಂಟು ವರ್ಷ ಓಡಿಸಿ 8 ಲಕ್ಷಕ್ಕೆ ಮಾರುತ್ತೀರಿ ಎಂದಿಟ್ಟುಕೊಂಡರೆ ವರ್ಷಕ್ಕೆ 4 ಲಕ್ಷ ಸವಕಳಿ. 30 ಲಕ್ಷ ಸಾಲಕ್ಕೆ ಶೇ 11ರಂತೆ ಮೊದಲ ವರ್ಷದ ಬಡ್ಡಿ ಸುಮಾರು 3 ಲಕ್ಷ. ಡೀಸೆಲ್, ಚಾಲಕ, ನಿರ್ವಾಹಕ, ಟೈರು, ವಿಮೆ, ರಸ್ತೆ ತೆರಿಗೆ ಎಲ್ಲ ಕಳೆದು ವರ್ಷಕ್ಕೆ 9 ಲಕ್ಷ ಉಳಿಯಿತು. ಆ 9 ಲಕ್ಷವೇ ಎಬಿಟ್ಡಾ. ಸವಕಳಿ, ಬಡ್ಡಿ ಕಳೆದರೆ ಮಾಲೀಕನಿಗೆ ಉಳಿಯುವುದು 2 ಲಕ್ಷ, ಅದರಲ್ಲಿ ಇನ್ನೂ ಆದಾಯ ತೆರಿಗೆ ಕಟ್ಟಬೇಕು.

ಸಾಲ ಕೊಟ್ಟವನಿಗೆ 9 ಲಕ್ಷವೇ ಮುಖ್ಯ, ಅದರಲ್ಲಿ ತಪ್ಪೂ ಇಲ್ಲ. ಐದು ವರ್ಷದ ಸಾಲಕ್ಕೆ ತಿಂಗಳ ಕಂತು 65 ಸಾವಿರದ ಹತ್ತಿರ, ವರ್ಷಕ್ಕೆ 7.8 ಲಕ್ಷ. ಸವಕಳಿಗೆಂದು ಈ ವರ್ಷ ಯಾರಿಗೂ ಚೆಕ್ಕು ಬರೆಯಬೇಕಿಲ್ಲವಾದ್ದರಿಂದ 9 ಲಕ್ಷದಲ್ಲಿ ಕಂತು ಕಟ್ಟಬಹುದು. ಐದು ವರ್ಷ ಬಸ್ಸು ಓಡಿದರೆ ಅವನ ದುಡ್ಡು ಅವನಿಗೆ ಬಂತು. ಒಂಬತ್ತನೇ ವರ್ಷ ಹೊಸ ಬಸ್ಸು ಎಲ್ಲಿಂದ ತರುತ್ತೀರಿ ಎಂದು ಕೇಳುವ ಗರಜು ಅವನಿಗಿಲ್ಲ. ಷೇರುದಾರರಾದ ನಿಮಗಿದೆ.

ಈ ಅಳತೆ ಹುಟ್ಟಿದ್ದೂ ಸಾಲದ ಜಗತ್ತಿನಲ್ಲೇ. ಅಮೆರಿಕದ ಕೇಬಲ್ ಟಿವಿ ಕಂಪನಿ ಟಿಸಿಐಯ ಚುಕ್ಕಾಣಿಯನ್ನು 1973ರಲ್ಲಿ ಹಿಡಿದ ಜಾನ್ ಮಲೋನ್ ಇದನ್ನು ಚಾಲ್ತಿಗೆ ತಂದವರಲ್ಲಿ ಪ್ರಮುಖರು. ಊರೂರಿಗೆ ಕೇಬಲ್ ಎಳೆಯಲು ಸಾಲ ಮಾಡಿದರೆ ಬಡ್ಡಿ ದೊಡ್ಡದು, ಸವಕಳಿ ಇನ್ನೂ ದೊಡ್ಡದು. ಪುಸ್ತಕದಲ್ಲಿ ಲಾಭವೇ ಕಾಣದ ಕಾರಣ ತೆರಿಗೆಯೂ ಇಲ್ಲ. ಆದರೆ ಚಂದಾದಾರರ ಹಣ ತಿಂಗಳು ತಿಂಗಳೂ ತಪ್ಪದೆ ಬರುತ್ತಿತ್ತು. ನಿವ್ವಳ ಲಾಭ ನೋಡಬೇಡಿ, ಇದನ್ನು ನೋಡಿ ಎಂದು ಅವರು ಹೂಡಿಕೆದಾರರಿಗೆ ಹೇಳಿದ್ದಕ್ಕೆ ಆ ಉದ್ಯಮದಲ್ಲಿ ಅರ್ಥವಿತ್ತು. 1980ರ ದಶಕದಲ್ಲಿ ಸಾಲ ಮಾಡಿ ಕಂಪನಿಗಳನ್ನೇ ಕೊಳ್ಳುವ ಗೀಳು ಹತ್ತಿದಾಗ, ಎಷ್ಟು ಸಾಲ ಹೇರಬಹುದು ಎಂದು ಅಳೆಯಲು ಅದೇ ಅಂಕಿ ಸಿಕ್ಕಿತು. ಎಬಿಟ್ಡಾದ ಇಷ್ಟು ಪಟ್ಟು ಸಾಲ, ಇಷ್ಟು ಪಟ್ಟು ಬೆಲೆ ಎನ್ನುವ ಮಾತು ಅಲ್ಲಿಂದ ಬಂದದ್ದು.

ವಿಶ್ಲೇಷಕರ ಪರವಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಮರೆತೀತು. ಒಂದು ಕಾರ್ಖಾನೆ ಯಂತ್ರವನ್ನು ಹತ್ತು ವರ್ಷಕ್ಕೆ ಸವೆಸುತ್ತದೆ, ಪಕ್ಕದ್ದು ಅದೇ ಯಂತ್ರವನ್ನು ಹದಿನೈದು ವರ್ಷಕ್ಕೆ. ಒಂದಕ್ಕೆ ಸಾಲ ಜಾಸ್ತಿ, ಇನ್ನೊಂದಕ್ಕೆ ತೆರಿಗೆ ರಿಯಾಯಿತಿ. ದಿನದ ವ್ಯಾಪಾರವನ್ನಷ್ಟೇ ಹೋಲಿಸಬೇಕಾದಾಗ ಇವನ್ನೆಲ್ಲ ಪಕ್ಕಕ್ಕಿಡುವುದು ನ್ಯಾಯವೇ. ಆದರೆ ಪಕ್ಕಕ್ಕಿಟ್ಟದ್ದನ್ನು ಲೆಕ್ಕ ಮುಗಿಸುವ ಮೊದಲು ವಾಪಸ್ ತರಬೇಕು, ಅದನ್ನು ಯಾರೂ ತರುವುದಿಲ್ಲ. ಜೊತೆಗೆ ಇನ್ನೊಂದು ಅನುಕೂಲವಿದೆ: ನಷ್ಟದ ಕಂಪನಿಯಲ್ಲೂ ಈ ಅಂಕಿ ಎಷ್ಟೋ ಸಲ ಸೊನ್ನೆಗಿಂತ ಮೇಲೇ ಇರುತ್ತದೆ. ವರದಿ ಬರೆಯುವವರಿಗೆ ಗುಣಿಸಲು ಏನಾದರೂ ಬೇಕಲ್ಲ.

ನಿಮ್ಮ ಕಂಪನಿಯ ಹೆಸರನ್ನು ನೀವು ಬರೆದಿಲ್ಲ. ನಾನು ವೊಡಾಫೋನ್ ಐಡಿಯಾವನ್ನು ತೆಗೆದುಕೊಳ್ಳುತ್ತೇನೆ, ಅದರ ಲೆಕ್ಕ ಎಲ್ಲರ ಮುಂದಿದೆ. 2023-24ರಲ್ಲಿ ಅದರ ವರಮಾನ ಸುಮಾರು 42,650 ಕೋಟಿ ರೂಪಾಯಿ, ಎಬಿಟ್ಡಾ ಸುಮಾರು 17,100 ಕೋಟಿ. ನೂರು ರೂಪಾಯಿ ರೀಚಾರ್ಜಿಗೆ ನಲವತ್ತು ಉಳಿಯುತ್ತದೆಯೆಂದರೆ ಭರ್ಜರಿ ವ್ಯಾಪಾರ ಅನ್ನಿಸಬೇಕು. ಅದೇ ವರ್ಷದ ನಿವ್ವಳ ನಷ್ಟ 31,200 ಕೋಟಿ ದಾಟಿತ್ತು.

ನಡುವೆ ಹೋದದ್ದೆಲ್ಲಿ? ಹಣಕಾಸು ವೆಚ್ಚವೇ 25,000 ಕೋಟಿಗೂ ಮೇಲೆ, ಸವಕಳಿ 22,000 ಕೋಟಿಗೂ ಮೇಲೆ. ಆ ಸವಕಳಿಯಲ್ಲಿ ಒಂದು ದೊಡ್ಡ ಪಾಲು ತರಂಗಾಂತರದ್ದು. ಹರಾಜಿನಲ್ಲಿ 20 ವರ್ಷಕ್ಕೆ ಕೊಂಡ ತರಂಗಾಂತರ ಅಮೂರ್ತ ಆಸ್ತಿ, ವರ್ಷವರ್ಷ ಅದರ ಒಂದು ತುಂಡು ಸವೆಯುತ್ತದೆ. ಅದರ ಬೆಲೆಯನ್ನು ಸರ್ಕಾರಕ್ಕೆ ಕಂತಿನಲ್ಲಿ ಕೊಡಬೇಕು, ಕಂತಿಗೆ ಬಡ್ಡಿ ಬೇರೆ. ಅಂದರೆ ಯಾವುದಿಲ್ಲದೆ ಒಂದೇ ಒಂದು ಕರೆಯೂ ಹೋಗದೋ ಅದರ ಬೆಲೆ ಪೂರ್ತಿಯಾಗಿ ಎಬಿಟ್ಡಾದ ಆಚೆ ನಿಂತಿದೆ. ಕಿರಾಣಿ ಅಂಗಡಿಯವನು ಅಕ್ಕಿಯ ಖರೀದಿಯನ್ನು ಬಿಟ್ಟು ಲಾಭ ಹೇಳಿದ ಹಾಗೆ. ಆಚೆ ನಿಂತದ್ದು ಸುಮ್ಮನೆ ನಿಲ್ಲಲಿಲ್ಲ. ಕಟ್ಟಲಾಗದ ಬಡ್ಡಿಯಲ್ಲಿ 16,133 ಕೋಟಿಯನ್ನು 2023ರಲ್ಲಿ ಷೇರುಗಳಾಗಿ ಪರಿವರ್ತಿಸಿ ಸರ್ಕಾರ ಮೂರನೇ ಒಂದು ಪಾಲಿಗೆ ಒಡೆಯನಾಯಿತು. 2025ರಲ್ಲಿ ಬಾಕಿಯ ಇನ್ನೂ ದೊಡ್ಡ ಮೊತ್ತ ಷೇರಾಯಿತು, ಸರ್ಕಾರದ ಪಾಲು ಅರ್ಧದ ಹತ್ತಿರ ಬಂತು. ಹಳೆಯ ಷೇರುದಾರನ ಪಾಲು ಕರಗಿದ್ದನ್ನು ಯಾವ ತ್ರೈಮಾಸಿಕದ ಎಬಿಟ್ಡಾವೂ ತೋರಿಸುವುದಿಲ್ಲ.

ಈ ಕಂಪನಿಯನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣ ಬಾಡಿಗೆ. ಇಂಡ್ ಎಎಸ್ 116 ಎಂಬ ಲೆಕ್ಕಪತ್ರ ಮಾನದಂಡ 2019ರ ಏಪ್ರಿಲ್ 1ರಿಂದ ನಮ್ಮ ಪಟ್ಟಿಯಾದ ಕಂಪನಿಗಳಿಗೆ ಅನ್ವಯವಾಗಿದೆ. ಅದರ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು, ಸಣ್ಣಪುಟ್ಟ ವಸ್ತುಗಳದ್ದನ್ನು ಬಿಟ್ಟು, ಸಾಲ ಮಾಡಿ ಕೊಂಡ ಆಸ್ತಿಯಂತೆ ಬರೆಯಬೇಕು. ಹಾಗಾಗಿ ಬಾಡಿಗೆ ಎಂಬ ಖರ್ಚು ಮಾಯವಾಗಿ ಒಂದು ಭಾಗ ಸವಕಳಿಯಾಗಿ, ಉಳಿದದ್ದು ಬಡ್ಡಿಯಾಗಿ ಮರುಹುಟ್ಟು ಪಡೆಯುತ್ತದೆ. ಎರಡೂ ಎಬಿಟ್ಡಾದ ಆಚೆಯವೇ! ನಮ್ಮ ಬಸ್ಸನ್ನು ಕೊಳ್ಳದೆ ವರ್ಷಕ್ಕೆ 6 ಲಕ್ಷ ಬಾಡಿಗೆಗೆ ಪಡೆದಿದ್ದರೆ ಹಳೆಯ ಕ್ರಮದಲ್ಲಿ ಎಬಿಟ್ಡಾ 3 ಲಕ್ಷ, ಹೊಸ ಕ್ರಮದಲ್ಲಿ 9 ಲಕ್ಷ. ಬಸ್ಸು ಅದೇ, ಪ್ರಯಾಣಿಕರು ಅವರೇ, ಬಾಡಿಗೆಯವನ ಕೈಗೆ ಎಣಿಸಿದ ನೋಟೂ ಅಷ್ಟೇ. ಮಾನದಂಡದ ಉದ್ದೇಶ ಒಳ್ಳೆಯದು, ಅಡಗಿದ್ದ ಬಾಡಿಗೆ ಹೊಣೆಯನ್ನು ಸಾಲವೆಂದು ಬಯಲಿಗೆ ತಂದಿತು. ಬಾಡಿಗೆಯ ಮೊಬೈಲ್ ಗೋಪುರಗಳ ಮೇಲೆ ನಡೆಯುವ ವೊಡಾಫೋನ್ ಐಡಿಯಾ ಈ ಮಾನದಂಡಕ್ಕೆ ಮುಂಚಿನ ರೀತಿಯ ಲೆಕ್ಕವನ್ನೂ ನಗದು ಎಬಿಟ್ಡಾ ಎಂದು ಕೊಡುತ್ತದೆ. ಅದನ್ನು ಮೆಚ್ಚಬೇಕು. ಆ ವರ್ಷ ಅದು ಸುಮಾರು 8,400 ಕೋಟಿ. ಹದಿನೇಳು ಸಾವಿರದ ಅರ್ಧವೂ ಇಲ್ಲ.

ಬಟ್ಟೆ ಅಂಗಡಿ ಸರಣಿ, ಸಿನಿಮಾ ಮಲ್ಟಿಪ್ಲೆಕ್ಸ್, ವಿಮಾನ ಕಂಪನಿ, ಔಷಧಿ ಅಂಗಡಿ ಸರಣಿ, ಹೀಗೆ ಬಾಡಿಗೆಯೇ ಪ್ರಧಾನವಾದ ಎಲ್ಲೆಡೆ ಇದೇ ಕತೆ. 2018ರ ವರದಿಗೂ 2020ರ ವರದಿಗೂ ಎಬಿಟ್ಡಾ ಹೋಲಿಸಿ ಭಾರಿ ಏರಿಕೆ ಎಂದು ಶೀರ್ಷಿಕೆ ಕೊಟ್ಟರೆ ಅದು ಬರೀ ನಿಯಮದ ಏರಿಕೆ. ಕಂಪನಿಯ ಪ್ರಕಟಣೆಯನ್ನು ಹಾಗೇ ಭಾಷಾಂತರಿಸಿ ಹಾಕುವ ನಮ್ಮ ವೃತ್ತಿಬಾಂಧವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಇಲ್ಲಿಯವರೆಗಿನದು ಕಾನೂನಿನೊಳಗಿನ ಮರೆಮಾಚು. ಕಾನೂನು ಮೀರುವವನಿಗೂ ಇದೇ ಬಾಗಿಲು. ವರ್ಲ್ಡ್‌ಕಾಂ ಎಂಬ ಅಮೆರಿಕದ ದೂರವಾಣಿ ಕಂಪನಿ ಬೇರೆಯವರ ತಂತಿ ಬಳಸಿದ್ದಕ್ಕೆ ಕೊಡುತ್ತಿದ್ದ ಶುಲ್ಕವನ್ನು ಖರ್ಚಿನಲ್ಲಿ ಬರೆಯದೆ ಆಸ್ತಿ ಖರೀದಿ ಎಂದು ಬರೆಯಿತು. 2002ರ ಜೂನ್‌ನಲ್ಲಿ ಕಂಪನಿಯೇ ಒಪ್ಪಿಕೊಂಡಂತೆ 2001ರಲ್ಲಿ ಹೀಗೆ ದಾಟಿಸಿದ್ದು ಸುಮಾರು 305 ಕೋಟಿ ಡಾಲರ್. ಅದನ್ನು ತೆಗೆದಾಗ ಆ ವರ್ಷದ ಎಬಿಟ್ಡಾ 634 ಕೋಟಿಗೆ ಇಳಿಯಿತು, ತೋರಿಸಿದ್ದ ಲಾಭ ನಷ್ಟವಾಯಿತು. ಮರು ತಿಂಗಳೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಗಮನಿಸಿ, ಖರ್ಚನ್ನು ಆಸ್ತಿಯೆಂದು ಬರೆದರೆ ನಿವ್ವಳ ಲಾಭ ತಾತ್ಕಾಲಿಕವಾಗಿ ಮಾತ್ರ ಹಿಗ್ಗುತ್ತದೆ, ಮುಂದಿನ ವರ್ಷಗಳಲ್ಲಿ ಸವಕಳಿಯಾಗಿ ಅದು ಬಂದು ಕಚ್ಚುತ್ತದೆ. ಎಬಿಟ್ಡಾದಲ್ಲಿ ಮಾತ್ರ ಆ ಖರ್ಚು ಶಾಶ್ವತವಾಗಿ ಕಣ್ಮರೆ. ಬಸ್ಸಿನ ಎಂಜಿನ್ ಬಿಚ್ಚಿ ಕಟ್ಟಿಸಿದ ಬಿಲ್ಲನ್ನು ರಿಪೇರಿಯೆಂದು ಬರೆದರೆ ಎಬಿಟ್ಡಾ ತಗ್ಗುತ್ತದೆ, ಆಸ್ತಿಗೆ ಸೇರಿಸಿದರೆ ಇಲ್ಲ. ಯಾವುದನ್ನು ಹೊಗಳುತ್ತಾರೋ ಅದಕ್ಕೆ ತಕ್ಕಂತೆ ಪುಸ್ತಕ ಬರೆಯುವ ಗುಮಾಸ್ತರು ಎಲ್ಲ ದೇಶದಲ್ಲೂ ಸಿಗುತ್ತಾರೆ.

ಇನ್ನು ವಿಶೇಷಣ ಅಂಟಿಸುವವರು. ಕಚೇರಿ ಜಾಗವನ್ನು ಬಾಡಿಗೆಗೆ ಕೊಡುವ ಅಮೆರಿಕದ ವಿವರ್ಕ್ ಕಂಪನಿ 2018ರಲ್ಲಿ ಬಾಂಡ್ ಮಾರುವಾಗ ಜಾಹೀರಾತು, ಆಡಳಿತ, ಅಭಿವೃದ್ಧಿ, ವಿನ್ಯಾಸದ ಖರ್ಚುಗಳನ್ನೂ ಬಿಟ್ಟು ‘ಸಮುದಾಯ ಹೊಂದಾಣಿಕೆಯ ಎಬಿಟ್ಡಾ’ ಎಂದು 2017ರ ಲೆಕ್ಕಕ್ಕೆ 23 ಕೋಟಿ ಡಾಲರ್ ತೋರಿಸಿತು. ಅದೇ ವರ್ಷದ ನಷ್ಟ 90 ಕೋಟಿಯ ಆಸುಪಾಸು. ‘ಹೊಂದಾಣಿಕೆಯ’ ಎಂಬ ಪದ ಕಂಡಲ್ಲೆಲ್ಲ ಏನನ್ನು ಹೊಂದಿಸಿದರು ಎಂಬ ಅಡಿಟಿಪ್ಪಣಿ ಹುಡುಕಿ. ನೌಕರರಿಗೆ ಕೊಟ್ಟ ಷೇರಿನ ವೆಚ್ಚವನ್ನು ಬಿಡುವುದು ನಮ್ಮ ಹೊಸ ಕಂಪನಿಗಳಲ್ಲೂ ಮಾಮೂಲಾಗಿದೆ. ಇತರ ಆದಾಯ ಸೇರಿದೆಯೋ ಇಲ್ಲವೋ ಅದನ್ನೂ ನೋಡಿ, ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿ ವ್ಯಾಪಾರದ ಗಳಿಕೆಯಲ್ಲ. ಇದಕ್ಕೆಲ್ಲ ಒಂದು ಅಧಿಕೃತ ವ್ಯಾಖ್ಯೆ ಸಿಗುತ್ತದೆಂದು ಕಾಯಬೇಡಿ. 2024ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 18 ಕೂಡ ಎಬಿಟ್ಡಾವನ್ನು ವ್ಯಾಖ್ಯಾನಿಸದೆ ಬಿಟ್ಟಿದೆ.

ಕನ್ನಡದ ‘ಸವಕಳಿ’ ಎಂಬ ಮಾತನ್ನು ನಾನು ಮೆಚ್ಚುವುದು ಸುಮ್ಮನೆ ಅಲ್ಲ. ಚಪ್ಪಲಿ ಸವೆಯುವುದನ್ನು, ಬೀಸುವ ಕಲ್ಲು ಸವೆಯುವುದನ್ನು ಕಂಡವರು ಕಟ್ಟಿದ ಮಾತದು. ನಗದಲ್ಲದ ವೆಚ್ಚ ಎಂದು ವಿಶ್ಲೇಷಕರು ಅದನ್ನು ತಳ್ಳಿಹಾಕುತ್ತಾರಲ್ಲ, ನಗದು ಬಸ್ಸು ಕೊಂಡ ದಿನವೇ ಹೋಗಿದೆ ಸ್ವಾಮಿ, ಪೂರ್ತಿ ನಲವತ್ತು ಲಕ್ಷ. ಅದೂ ಹಳೆಯ ಬೆಲೆಯಲ್ಲಿ. ಎಂಟು ವರ್ಷದ ಮೇಲೆ ಅದೇ ಬಸ್ಸು 55 ಲಕ್ಷವಾದರೆ ನೀವು ಬರೆದ ಸವಕಳಿಯೇ ಕಡಿಮೆಯಾಯಿತು ಎನ್ನಬೇಕು.

ಷೇರುದಾರರಿಗೆ ನಿಜಕ್ಕೂ ಎಷ್ಟು ಉಳಿಯುತ್ತದೆ ಎಂದು ನೋಡಲು ವಾರ್ಷಿಕ ವರದಿಯ ನಗದು ಹರಿವಿನ ಪಟ್ಟಿಯನ್ನು ಮಗನಿಂದ ತೆರೆಸಿ. ಹೂಡಿಕೆ ಚಟುವಟಿಕೆಯ ಕೆಳಗೆ ಆಸ್ತಿ, ಸ್ಥಾವರ, ಯಂತ್ರಗಳ ಖರೀದಿ ಇರುತ್ತದೆ. ಹಣಕಾಸು ಚಟುವಟಿಕೆಯ ಕೆಳಗೆ ಬಾಡಿಗೆ ಹೊಣೆಗೆ ಕೊಟ್ಟದ್ದು, ಬಡ್ಡಿ ಕೊಟ್ಟದ್ದು ಇರುತ್ತವೆ. ಬಾಡಿಗೆಯ ಅಸಲು, ಬಡ್ಡಿ ಬೇರೆ ಬೇರೆ ಸಾಲಿನಲ್ಲಿದ್ದರೆ ಎರಡನ್ನೂ ಕೂಡಿಸಿಕೊಳ್ಳಿ. ಎಬಿಟ್ಡಾದಿಂದ ಇವನ್ನೂ ಕಟ್ಟಿದ ತೆರಿಗೆಯನ್ನೂ ಕಳೆಯಿರಿ. ಹೊಸ ಕಾರ್ಖಾನೆ ಕಟ್ಟಿದ ವರ್ಷ ಖರೀದಿ ಉಬ್ಬಿರುತ್ತದೆ, ಆದ್ದರಿಂದ ಐದು ವರ್ಷದ್ದನ್ನು ಕೂಡಿಸಿ ನೋಡಿ. ಜೊತೆಗೆ ಐದು ವರ್ಷದ ಎಬಿಟ್ಡಾದ ಪಕ್ಕದಲ್ಲಿ ಕಾರ್ಯಾಚರಣೆಯಿಂದ ಬಂದ ನಗದನ್ನೂ ಬರೆದುಕೊಳ್ಳಿ. ತೆರಿಗೆಯಿಂದಾದ ವ್ಯತ್ಯಾಸ ಬಿಟ್ಟೂ ನಗದು ತುಂಬ ಹಿಂದೆ ಬಿದ್ದಿದ್ದರೆ ಬಿಲ್ಲು ಆಗಿದೆ, ದುಡ್ಡು ಬಂದಿಲ್ಲ, ಇಲ್ಲವೇ ಸರಕು ಗೋದಾಮಿನಲ್ಲಿ ಕೂತಿದೆ.

ನಿಮ್ಮ ಒತ್ತಾಯಕ್ಕೆ ಮಣಿದು ಮುಂದಿನ ತ್ರೈಮಾಸಿಕದಿಂದ ನಮ್ಮ ಪುಟದಲ್ಲೂ ಎಬಿಟ್ಡಾ ಬರುತ್ತದೆ. ಅದರ ಪಕ್ಕದಲ್ಲೇ ಬಡ್ಡಿ, ಸವಕಳಿ, ನಿವ್ವಳ ಫಲಿತಾಂಶ ಎಂಬ ಮೂರು ಕಾಲಂ ಇರುತ್ತವೆ, ಅಕ್ಷರ ಸ್ವಲ್ಪ ಚಿಕ್ಕದಾಗುತ್ತದೆ. ಬಾಡಿಗೆ ಮತ್ತು ಆಸ್ತಿ ಖರೀದಿಯ ಅಂಕಿ ಪ್ರತಿ ತ್ರೈಮಾಸಿಕಕ್ಕೂ ಸಿಗದ ಕಾರಣ ಅವನ್ನು ವರ್ಷಕ್ಕೊಮ್ಮೆ, ವಾರ್ಷಿಕ ವರದಿಗಳು ಬಂದ ಮೇಲೆ ಹಾಕುತ್ತೇವೆ.
– ಸಂಪಾದಕ