ರೀಪ್ರೈಸರ್ ನಷ್ಟಕ್ಕೆ ಮಾರದ ಹಾಗೆ ರೂಲ್ಸ್ ಹೇಗಿಡಬೇಕು?

*"ಮಡಿಕೇರಿಯಿಂದ ಆನ್‌ಲೈನ್‌ನಲ್ಲಿ ಕಾಳುಮೆಣಸು ಮಾರ್ತೀನಿ. ರೇಟು ತಾನೇ ಬದಲಾಗೋ ರೀಪ್ರೈಸರ್ ಹಾಕಿದ್ದೀನಿ. ನಷ್ಟಕ್ಕೆ ಮಾತ್ರ ಹೋಗಬಾರದು. ಏನೇನು ರೂಲ್ಸ್ ಇಡಲಿ?"*

ಕನಿಷ್ಠ ಬೆಲೆಯ ಲೆಕ್ಕ ಸರಿ ಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಹೆಚ್ಚಿನವರು ಖರ್ಚಿನ ಮೇಲೆ ಕಮಿಷನ್ ಕೂಡಿಸಿಬಿಡ್ತಾರೆ. ಆದರೆ ಕಮಿಷನ್ ಕಟ್ ಆಗೋದು ಮಾರಿದ ಬೆಲೆ ಮೇಲೆ.

250 ಗ್ರಾಂ ಪ್ಯಾಕೆಟ್ ತಗೊಳ್ಳಿ (ಅಂಕಿ ಉದಾಹರಣೆಗಷ್ಟೇ). ಮೆಣಸು 175 ರೂಪಾಯಿ, ಪೌಚು-ಬಾಕ್ಸು 20, ಕೊರಿಯರ್ 65, ರಿಟರ್ನ್ ಬಾಬ್ತು 20, ಒಟ್ಟು 280. ಕಮಿಷನ್ 12%, ಬೆಲೆಯೊಳಗೇ 5% ಜಿಎಸ್‌ಟಿ. ಒಂದರ ಮೇಲೊಂದು ಕೂಡಿಸಿದರೆ 329 ಬರುತ್ತೆ. ಅಷ್ಟಕ್ಕೆ ಮಾರಿ ನೋಡಿ: ಜಿಎಸ್‌ಟಿ 15.67, ಕಮಿಷನ್ 39.48 ಹೋಗಿ ಕೈಗೆ ಉಳಿಯೋದು 273.85. ಪ್ಯಾಕೆಟ್ಟಿಗೆ ಆರು ರೂಪಾಯಿ ಖೋತಾ. ಹಾಕಬೇಕಾದ ಲೆಕ್ಕ ಇದು:

```
280 / (1/1.05 - 0.12) = 336.4
```

ಅಂದರೆ 337. ಕಮಿಷನ್ ಮೇಲಿನ 18% ಜಿಎಸ್‌ಟಿಗೆ ಕ್ರೆಡಿಟ್ ಸಿಗದವರು 0.12 ಬದಲು 0.1416 ಹಾಕಿ. 10% ಕೂಪನ್ ಕೊಟ್ಟಿದ್ದರೆ 337ನ್ನು 0.9ರಿಂದ ಭಾಗಿಸಿ 375 ಇಡಿ, ಯಾಕಂದ್ರೆ ಎಷ್ಟೋ ಟೂಲ್‌ಗಳು ಕೂಪನ್ ಕಳೆಯೋ ಮುಂಚಿನ ಬೆಲೆಯನ್ನಷ್ಟೇ ನೋಡುತ್ತವೆ. ಲಾಭ ಬೇಕಿದ್ದರೆ ಅದನ್ನೂ 280ರ ಜೊತೆಗೇ ಸೇರಿಸಿ.

ಸ್ವಂತ ತೋಟದ ಮೆಣಸು ಅಂತ 175ರ ಜಾಗದಲ್ಲಿ ಕೊಯ್ಲಿನ ಕೂಲಿ ಮಾತ್ರ ಬರೆಯಬೇಡಿ. ಗೋಣಿಕೊಪ್ಪದ ವ್ಯಾಪಾರಿ ಇವತ್ತು ಕೊಡೋ ರೇಟೇ ನಿಮ್ಮ ಖರ್ಚು. ಮೂಟೆಗಟ್ಟಲೆ ಅಲ್ಲೇ ಮಾರಬಹುದಾದ್ದನ್ನ ಪ್ಯಾಕೆಟ್ ಕಟ್ಟಿ ಅದಕ್ಕಿಂತ ಕಡಿಮೆಗೆ ಯಾಕೆ ಕೊಡಬೇಕು?

ಗರಿಷ್ಠ ಬೆಲೆಗೆ ತಲೆಕೆಡಿಸಿಕೊಳ್ಳೋದು ಬೇಡ: ಪ್ಯಾಕೆಟ್ ಮೇಲಿನ ಎಂಆರ್‌ಪಿ ದಾಟೋ ಹಾಗಿಲ್ಲ, ಅದು ಕಾನೂನು.

ಇನ್ನು ರೀಪ್ರೈಸರ್ ಯಾವಾಗ ನಿಲ್ಲಬೇಕು ಅನ್ನೋದು. ಮೆಣಸಿನ ರೇಟು ಅಪ್‌ಡೇಟ್ ಮಾಡಿ ವಾರ ದಾಟಿದರೆ, ಎದುರಾಳಿಯ ಬೆಲೆ ಒಂದೇ ಏಟಿಗೆ 30% ಬಿದ್ದರೆ, ಖರ್ಚಿನ ಕಾಲಂ ಖಾಲಿ ಅಥವಾ ಸೊನ್ನೆ ಇದ್ದರೆ ರೀಪ್ರೈಸರ್ ನಿಲ್ಲಬೇಕು. ಆದರೆ ನಿಲ್ಲೋದು ಅಂದರೆ ಇದ್ದ ಬೆಲೆಯಲ್ಲೇ ನಿಂತರೆ ಸಾಲದು. ಮೆಣಸು ಏರ್ತಿರೋ ವಾರದಲ್ಲಿ ಹಳೇ ಬೆಲೆಯೇ ನಷ್ಟದ ಬೆಲೆ. ರೀಪ್ರೈಸರ್ ನಿಂತ ತಕ್ಷಣ ಬೆಲೆ ಗರಿಷ್ಠಕ್ಕೆ ಹೋಗೋ ಹಾಗೆ ಮಾಡಿ. ಮಳೆಗಾಲದಲ್ಲಿ ಘಾಟಿ ರಸ್ತೆ ಬಂದ್ ಆಗಿ ಕೊರಿಯರ್ ಹೊರಡದಿದ್ದಾಗ ಬೆಲೆ ಮುಟ್ಟಬೇಡಿ, ಸ್ಟಾಕ್ ಸೊನ್ನೆ ಮಾಡಿ.

ಕನಿಷ್ಠ ಬೆಲೆಯನ್ನು ಟೂಲ್‌ನಲ್ಲಿ ಮಾತ್ರ ಇಟ್ಟು ಸುಮ್ಮನಾಗಬೇಡಿ. 2014ರ ಡಿಸೆಂಬರ್‌ನಲ್ಲಿ ಒಂದು ರೀಪ್ರೈಸಿಂಗ್ ಸಾಫ್ಟ್‌ವೇರ್ ಕೆಟ್ಟು, ಬ್ರಿಟನ್ನಿನ ಅಮೆಜಾನ್‌ನಲ್ಲಿ ಎಷ್ಟೋ ವ್ಯಾಪಾರಿಗಳ ಸಾಮಾನು ಒಂದೊಂದು ಪೆನ್ನಿ ಬೆಲೆಗೆ ಹೋಯಿತು. ಸೆಲ್ಲರ್ ಅಕೌಂಟ್‌ನಲ್ಲೂ ಪ್ರತಿ ಐಟಂಗೆ ಕನಿಷ್ಠ-ಗರಿಷ್ಠ ಬೆಲೆ ತುಂಬೋ ಜಾಗ ಇದ್ದರೆ ಅಲ್ಲಿಯೂ ಅದೇ 337, ಕೂಪನ್ ಇದ್ದರೆ 375, ತುಂಬಿ.