‘ನಾ ಬಿಟ್ಟಾಗ ವ್ಯಾಟ್ ಇತ್ರಿ’

*ಸಂಪಾದಕರೆ, ಬಿ.ಕಾಂ. ಮುಗಿಸಿ ಹುಬ್ಬಳ್ಳಿಯ ಒಂದು ಸಗಟು ಅಂಗಡಿಯಲ್ಲಿ ಐದು ವರ್ಷ ಲೆಕ್ಕ ಬರೆದೆ. 2017ರ ಮಾರ್ಚ್‌ನಲ್ಲಿ ಹೆರಿಗೆಗೆಂದು ಬಿಟ್ಟೆ. ಆಮೇಲೆ ಅತ್ತೆಗೆ ಲಕ್ವಾ ಹೊಡೆಯಿತು. ಎಂಟು ವರ್ಷ ಹೋಯಿತು. ಈಗ ಮತ್ತೆ ಕೆಲಸ ಬೇಕು. ಹಳೇ ಕೆಲಸದ ತಾರೀಖನ್ನು 2022ರ ತನಕ ಎಳೆದುಬಿಡು ಅನ್ನುತ್ತಾಳೆ ಗೆಳತಿ. ಸಂದರ್ಶನದಲ್ಲಿ ‘ಇಷ್ಟು ವರ್ಷ ಏನ್ ಮಾಡಿದ್ರಿ?’ ಅಂದರೆ ಗಂಟಲು ಕಟ್ಟುತ್ತದೆ. ಮೈದುನನ ಬೆಟಗೇರಿ ಸೀರೆ ಅಂಗಡಿಯ ಲೆಕ್ಕ ಆಗಾಗ ನೋಡುತ್ತೇನೆ, ಅದನ್ನು ಬರೆಯಬಹುದೇ? – ಗದಗದ ಓದುಗರು*

ಗೆಳತಿಯ ಮಾತು ಕೇಳಬೇಡಿ. ನಿಮಗೆ ಪಿ.ಎಫ್. ಹಿಡಿಯುತ್ತಿದ್ದರೆ ಯುಎಎನ್ ಸಂಖ್ಯೆ ಇರುತ್ತದೆ. ಹೊಸ ಮಾಲೀಕರು ಕೇಳುವುದು ಅದೇ ಹಳೇ ಸಂಖ್ಯೆಯನ್ನು, ಅದರ ಸೇವಾ ವಿವರದಲ್ಲಿ ಸೇರಿದ ದಿನವೂ ಬಿಟ್ಟ ದಿನವೂ ಕಾಣುತ್ತವೆ. ಆದರೆ ಸುಳ್ಳು ಅಲ್ಲಿಯ ತನಕವೂ ಬಾಳುವುದಿಲ್ಲ. ವ್ಯಾಟ್ ಹೋಗಿ ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ, ನೀವು ಬಿಟ್ಟ ಮೂರು ತಿಂಗಳಿಗೆ. 2022ರ ತನಕ ಲೆಕ್ಕ ಬರೆದೆ ಅಂದವರನ್ನು ಯಾರೇ ಆಗಲಿ ಮೊದಲು ಕೇಳುವುದು, ‘ಸರಕು ಕೊಟ್ಟವನು ಬಿಲ್ ತೋರಿಸಿಲ್ಲ ಅಂದ್ರ ಇನ್‌ಪುಟ್ ಕ್ರೆಡಿಟ್ ಏನ್ ಮಾಡ್ತಿದ್ರಿ?’ ಅಂತ. ಅಲ್ಲಿ ತಡವರಿಸಿದರೆ ನಿಮ್ಮ ನಿಜವಾದ ಐದು ವರ್ಷವೂ ಸುಳ್ಳೆನಿಸುತ್ತದೆ.

ಹೀಗಾಗಿ ಮಾಲೀಕರಿಗೆ ಬೇಕಾದ ಉತ್ತರ ಎರಡು: ಯಾಕೆ ಬಿಟ್ಟಿರಿ, ಬಿಟ್ಟ ಮೇಲೆ ಬದಲಾದದ್ದರಲ್ಲಿ ಈಗ ನಿಮಗೆಷ್ಟು ಬರುತ್ತದೆ. ಬಹಳ ಮಂದಿ ಮೊದಲನೆಯದನ್ನೇ ಹತ್ತು ನಿಮಿಷ ಹೇಳಿ ಎರಡನೆಯದಕ್ಕೆ ಬರುವುದೇ ಇಲ್ಲ.

ರೆಸ್ಯೂಮೆಯಲ್ಲಿ ಆ ಕಾಲಕ್ಕೂ ಒಂದು ಸಾಲು ಕೊಡಿ, ತಿಂಗಳು ಸಮೇತ: ‘ಏಪ್ರಿಲ್ 2017ರಿಂದ – ಮಗುವಿನ ಪಾಲನೆ ಹಾಗೂ ಕುಟುಂಬದ ಹಿರಿಯರ ಆರೈಕೆಗಾಗಿ ಬಿಡುವು. ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧ.’ ಇಷ್ಟು ಸಾಕು. ಕಾಯಿಲೆಯ ಹೆಸರು ಬೇಡ. ‘ಗೃಹ ವ್ಯವಸ್ಥಾಪಕಿ’ ಅಂತೆಲ್ಲ ಹುದ್ದೆ ಹುಟ್ಟಿಸುವುದೂ ಬೇಡ. ನಮ್ಮ ಲೆಕ್ಕದ ವಿಭಾಗಕ್ಕೆ ಬಂದ ಅರ್ಜಿಯೊಂದರಲ್ಲಿ ಅದನ್ನು ಓದಿ ನಾನೇ ನಕ್ಕಿದ್ದೇನೆ, ಪಾಪ, ಆಕೆ ಒಳ್ಳೆಯ ಕೆಲಸಗಾರ್ತಿ.

ಸೀರೆ ಅಂಗಡಿಯ ಲೆಕ್ಕ ಧಾರಾಳವಾಗಿ ಬರೆಯಿರಿ. ‘ಸಂಬಳವಿಲ್ಲದೆ, ಅರೆಕಾಲಿಕ, ಕುಟುಂಬದ ಅಂಗಡಿ’ ಅಂತ ಸ್ಪಷ್ಟವಾಗಿರಲಿ, ‘ಅಕೌಂಟ್ಸ್ ಮ್ಯಾನೇಜರ್’ ಅನ್ನಬೇಡಿ. ಆದರೆ ಬರೆಯುವ ಮೊದಲು ಅಲ್ಲಿ ಒಂದು ಕೆಲಸ ಮಾಡಿ. ಮೂರು ತಿಂಗಳ ಖರೀದಿ ಬಿಲ್ಲುಗಳನ್ನು ಮುಂದಿಟ್ಟುಕೊಳ್ಳಿ. ಮೈದುನನ ಲಾಗಿನ್ನಿನಿಂದ ಆಯಾ ತಿಂಗಳ GSTR-2B, ಅಂದರೆ ಸರಕು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿ ತೆಗೆದು, ಒಂದೊಂದೇ ಬಿಲ್ಲಿನ ಸಂಖ್ಯೆ, ಜಿಎಸ್‌ಟಿ ಸಂಖ್ಯೆ, ತೆರಿಗೆ ತಾಳೆ ನೋಡಿ. ಒಂದೆರಡು ತಾಳೆಯಾಗದೆ ಉಳಿದೇ ಉಳಿಯುತ್ತವೆ: ಬಿಲ್ ಕೈಯಲ್ಲಿದೆ, ಪಟ್ಟಿಯಲ್ಲಿಲ್ಲ. ಸೀರೆ ಕಳಿಸಿದವರಿಗೆ ಫೋನ್ ಮಾಡಿ ಅದನ್ನು ಸರಿ ಮಾಡಿಸಿದಿರಿ ಅಂದರೆ ಸಂದರ್ಶನದಲ್ಲಿ ಹೇಳಲು ನಿಮ್ಮದೇ ಒಂದು ಕತೆ ಸಿಕ್ಕಂತೆ. ಟ್ಯಾಲಿ ಪ್ರೈಮ್ ನಿಮಗೆ ಹೊಸದು. ಅದರ ಕಲಿಕೆಯ ಆವೃತ್ತಿಗೆ ದುಡ್ಡಿಲ್ಲ, ತಿಂಗಳಲ್ಲಿ ಕೆಲವೇ ತಾರೀಖುಗಳಿಗೆ ವೋಚರ್ ಹಾಕಲು ಬಿಡುತ್ತದೆ. ಕೈ ಪಳಗಲು ಅಷ್ಟು ಸಾಕು.

ಇನ್ನು ಗಂಟಲು ಕಟ್ಟುವ ಪ್ರಶ್ನೆ. ಉತ್ತರವನ್ನು ನಮ್ಮ ಮಾತಿನಲ್ಲೇ ಬರೆದಿಟ್ಟುಕೊಳ್ಳಿ: ‘ಮಗಳು ಹುಟ್ಟಿದ್ಲರಿ, ಅದಕ್ಕ ಬಿಟ್ಟೆ. ಮುಂದ ಅತ್ತಿಯವರಿಗೆ ಆರಾಮ ತಪ್ಪಿತು, ನೋಡ್ಕೊಳ್ಳಾಕ ನಾನ ಇದ್ದೆ. ಈಗ ಮಗಳು ಸಾಲಿಗೆ ಹೋಗ್ತಾಳ, ಮನಿಯಾಗ ವ್ಯವಸ್ಥಾ ಆಗೇತಿ. ನಾ ಬಿಟ್ಟಾಗ ವ್ಯಾಟ್ ಇತ್ರಿ. ಜಿಎಸ್‌ಟಿ ನಮ್ಮ ಮೈದುನನ ಅಂಗಡಿ ಲೆಕ್ಕದಾಗ ಕಲ್ತೀನಿ, ಹೋದ ತಿಂಗಳು ಎರಡು ಬಿಲ್ ತಾಳೆ ಆಗಿರಲಿಲ್ಲ, ಮಾಡಿಸಿದೆ.’ ಅರ್ಧ ನಿಮಿಷವೂ ಹಿಡಿಯದು. ಮುಗಿದ ಮೇಲೆ ಬಾಯಿ ಮುಚ್ಚಿ ಕೂರುವುದೇ ಕಷ್ಟ. ಎದುರಿನವರು ಕಾಗದ ನೋಡುತ್ತಾ ಸುಮ್ಮನಿರುತ್ತಾರೆ, ನಮಗೆ ಇನ್ನೂ ಏನಾದರೂ ಹೇಳಬೇಕೆನಿಸಿ ಆಸ್ಪತ್ರೆಯ ಕತೆಯೆಲ್ಲ ಹೊರಬರುತ್ತದೆ. ಅವರಾಗಿ ಕೇಳುವ ತನಕ ಕಾಯಿರಿ. ಗಂಡನ ಮುಂದೆ ಅಲ್ಲ, ನಿಮ್ಮ ಕಷ್ಟ ಗೊತ್ತಿಲ್ಲದ ಯಾರ ಮುಂದಾದರೂ ನಾಲ್ಕು ಸಲ ಹೇಳಿ ನೋಡಿ.

ಇ-ವೇ ಬಿಲ್ ಅಥವಾ ಇ-ಇನ್‌ವಾಯ್ಸ್ ಬಗ್ಗೆ ಕೇಳಿದರೆ, ಮಾಡಿಲ್ಲದಿದ್ದರೆ ಮಾಡಿಲ್ಲ ಅಂತಲೇ ಹೇಳಿ. ಹಾಗೆ ಒಪ್ಪಿಕೊಂಡವರ ಉಳಿದ ಮಾತನ್ನು ನಾನಂತೂ ಹೆಚ್ಚು ನಂಬುತ್ತೇನೆ.

ಕೊನೆಗೆ ‘ಮತ್ತ ಮನ್ಯಾಗ ಏನರ ಆದ್ರ ಬಿಡ್ತೀರೇನು?’ ಅನ್ನುತ್ತಾರೆ. ಹೆಂಗಸರನ್ನೇ ಇದು ಕೇಳುವುದು ಅನ್ಯಾಯ, ಆದರೂ ಕೇಳುತ್ತಾರೆ. ‘ಇಲ್ರಿ, ಖಂಡಿತ ಬಿಡಂಗಿಲ್ಲ’ ಅನ್ನುವ ಆಣೆಗಿಂತ ವ್ಯವಸ್ಥೆ ಹೇಳಿ: ಹಗಲು ಅತ್ತೆಯ ಹತ್ತಿರ ಯಾರಿರುತ್ತಾರೆ, ಶಾಲೆಯಿಂದ ಮಗಳನ್ನು ಯಾರು ತರುತ್ತಾರೆ, ಗದಗದಿಂದ ಹುಬ್ಬಳ್ಳಿಗೆ ಯಾವ ಗಾಡಿ ಹಿಡಿಯುತ್ತೀರಿ. ಮಾಲೀಕರ ತಲೆಯಲ್ಲಿರುವುದು ತಿಂಗಳ 20ನೇ ತಾರೀಖು, GSTR-3B ಸಲ್ಲಿಸಿ ತೆರಿಗೆ ಕಟ್ಟುವ ಗಡುವು. ‘ಆ ವಾರ ತಡಾ ಆದ್ರ ನಮ್ಮ ಮನಿಯವರು ಲಗೂನ ಬಂದು ಮನಿ ನೋಡ್ಕೋತಾರ್ರಿ, ಮಾತಾಡೇವಿ’ ಅಂತ ನೀವಾಗಿಯೇ ಅನ್ನಿ. ಅದಕ್ಕೆ ಮೊದಲು ಮನೆಯವರ ಜೊತೆ ನಿಜವಾಗಿಯೂ ಮಾತಾಡಿರಬೇಕು ಅಷ್ಟೇ.