3/4 ಕಪ್ ಮತ್ತು 2/3 ಕಪ್ ಕೂಡಿಸೋದು ಹೇಗೆ?

"ರವೆ ಉಂಡೆಗೆ 3/4 ಕಪ್ ಸಕ್ಕರೆ, ಕೊಬ್ಬರಿ ಮಿಠಾಯಿಗೆ 2/3 ಕಪ್. ಒಟ್ಟು ಎಷ್ಟು ಬೇಕು? ನಾನು ಕೂಡಿಸಿದರೆ 5/7 ಬರ್ತಿದೆ."

5/7 ಅಂದರೆ ಮುಕ್ಕಾಲು ಕಪ್‌ಗಿಂತ ಕಡಿಮೆ. ರವೆ ಉಂಡೆಗೇ ಸಾಲದು! ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದೀರಿ, ಅಲ್ವಾ? ಕೆಳಗಿನ ಅಂಕಿ, ಅಂದರೆ ಛೇದ, ಹೇಳೋದು ಕಪ್ಪನ್ನು ಎಷ್ಟು ಸಮಭಾಗ ಮಾಡಿದ್ದೇವೆ ಅಂತ. ಅದನ್ನು ಕೂಡಿಸೋದಿಲ್ಲ. ಕಾಲು ಕಪ್ಪಿನ ಭಾಗವೂ ಮೂರನೇ ಒಂದು ಕಪ್ಪಿನ ಭಾಗವೂ ಬೇರೆ ಬೇರೆ ಗಾತ್ರ. ಮೊದಲು ಎರಡನ್ನೂ ಒಂದೇ ಗಾತ್ರಕ್ಕೆ ತರಬೇಕು.

4ರ ಮಗ್ಗಿಯಲ್ಲೂ 3ರ ಮಗ್ಗಿಯಲ್ಲೂ ಮೊದಲು ಸಿಗುವ ಸಂಖ್ಯೆ 12. ಹಾಗಾಗಿ ಕಪ್ಪನ್ನು 12 ಭಾಗ ಮಾಡೋಣ. 4 ಅನ್ನು 12 ಮಾಡಲು 3ರಿಂದ ಗುಣಿಸಬೇಕು. ಮೇಲಿನದನ್ನೂ ಅಷ್ಟರಿಂದಲೇ ಗುಣಿಸಿ: 3/4 = 9/12. ಹಾಗೆಯೇ 2/3ರಲ್ಲಿ ಎರಡನ್ನೂ 4ರಿಂದ ಗುಣಿಸಿದರೆ 8/12. ಬರೀ ಕೆಳಗೆ ಬದಲಿಸಿ ಮೇಲೆ ಹಾಗೇ ಬಿಟ್ಟರೆ 3/12 + 2/12 ಆಗಿ, ಅರ್ಧ ಕಪ್ಪೂ ಬರಲ್ಲ. ಜಾಸ್ತಿ ಜನ ಎಡವೋದು ಇಲ್ಲೇ.

ಈಗ ಮೇಲಿನವನ್ನು ಮಾತ್ರ ಕೂಡಿಸಿ:

9/12 + 8/12 = 17/12

12/12 ಅಂದರೆ ಒಂದು ಪೂರ್ತಿ ಕಪ್. ಉಳಿದದ್ದು 5/12. ಒಟ್ಟು ಒಂದೂ 5/12 ಕಪ್.

5/12ಕ್ಕೆ ಅಳತೆ ಕಪ್ ಸಿಗಲ್ಲ, ನಿಜ. ಅದನ್ನು 4/12 + 1/12 ಅಂತ ಬಿಡಿಸಿ. 4/12 ಅಂದರೆ 1/3 ಕಪ್. 240 ಮಿ.ಲೀ. ಕಪ್ಪಾದರೆ 1/12 ಅಂದರೆ 20 ಮಿ.ಲೀ., ಅಂದರೆ 5 ಮಿ.ಲೀ. ಅಳತೆ ಚಮಚದಲ್ಲಿ ನಾಲ್ಕು. ಚಮಚದ ಅಂಚಿಗೆ ಸಮ ಮಾಡಿ ಅಳೆಯಿರಿ, ಗೋಪುರ ಬೇಡ.